ಹೆರಿಗೆ ವಿಮೆ: ತಾರೀಖು ನೋಡಿಕೊಳ್ಳಿ

ಮೂಗೂರಿನ ಬಸುರಿಯೊಬ್ಬರು ಪಾಲಿಸಿ ಹಿಡಿದು ಬಂದು, "ಹೆರಿಗೆ ಖರ್ಚು ಸಿಗುತ್ತದೆಯೇ ಡಾಕ್ಟ್ರೇ?" ಎಂದರು. ಮೊದಲು ನೋಡಬೇಕಾದದ್ದು ತಾರೀಖು.

ಪಾಲಿಸಿ 2024ರ ಜೂನ್ 1ಕ್ಕೆ ಶುರುವಾಗಿ, ಹೆರಿಗೆಗೆ ಕಾಯುವ ಅವಧಿ 24 ತಿಂಗಳಿದೆ ಎನ್ನಿ. 2026ರ ಮೇ 31ರವರೆಗೆ ಆಗುವ ಹೆರಿಗೆಗೆ ಹಣ ಬರುವುದಿಲ್ಲ. ದಿನ ತುಂಬುವುದು ಜೂನ್ 12ಕ್ಕಾದರೂ, ಮೂರು ವಾರ ಮೊದಲೇ ನೋವು ಬಂದರೆ ಮುಗಿಯಿತು. ನಾವು ಬರೆದುಕೊಡುವ ತಾರೀಖು ಅಂದಾಜು ಮಾತ್ರ. ಕೂಸು ಪಾಲಿಸಿ ಓದಿ ಹುಟ್ಟುವುದಿಲ್ಲ.

ಅವಧಿ ಮುಗಿದಿದ್ದರೂ ಮಿತಿಯಿದೆ. ಐದು ಲಕ್ಷದ ಪಾಲಿಸಿಯಲ್ಲೂ ಸಹಜ ಹೆರಿಗೆಗೆ 35,000, ಸಿಸೇರಿಯನ್‌ಗೆ 50,000 ರೂಪಾಯಿ ಎಂದಷ್ಟೇ ಇರಬಹುದು. ಸಿಸೇರಿಯನ್ ಬಿಲ್ಲು 80,000 ಬಂದರೆ ಮಿಕ್ಕ 30,000 ನಿಮ್ಮ ಕೈಯಿಂದಲೇ.

ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಖರ್ಚು ಇನ್ನೂ ಹೆಚ್ಚು. ಅನೇಕ ಪಾಲಿಸಿಗಳಲ್ಲಿ ತಾಯಿಯ ಹೆರಿಗೆಗೆ ಹಣ ಒಪ್ಪಿಗೆಯಾದರೆ ಮಾತ್ರ ಕೂಸಿಗೂ ರಕ್ಷಣೆ. ಅದೂ ಸಾಮಾನ್ಯವಾಗಿ 90 ದಿನ. ಅಷ್ಟರೊಳಗೆ ಕೂಸಿನ ಹೆಸರು ಸೇರಿಸಲು ಅರ್ಜಿ ಕೊಡಿ.

ಅವಧಿ ಮುಗಿದಿಲ್ಲವೇ? ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ ಕೂಡ ಉಚಿತ. ಏಳನೇ ತಿಂಗಳೊಳಗೇ ಅಲ್ಲಿ ತೋರಿಸಿ, ತಾಯಿ ಕಾರ್ಡು ಜೊತೆಗಿಟ್ಟುಕೊಳ್ಳಿ.