ಅಗಲ ಮೊನೆಯ ಲೇಖನಿ

ನಮ್ಮ ಭಿತ್ತಿಪತ್ರಿಕೆಯ ಇಂಗ್ಲಿಷ್ ಶೀರ್ಷಿಕೆಯನ್ನು 2 ಮಿಲಿಮೀಟರ್ ಅಗಲದ ಮೊನೆಯಿಂದ ಬರೆಯಹೊರಟು, ಗೆರೆಗಳ ನಡುವೆ 5 ಮಿಲಿಮೀಟರ್ ಮಾತ್ರ ಬಿಟ್ಟೆನು. ಸಣ್ಣ ‘ಎ’, ‘ಇ’ಗಳ ಹೊಟ್ಟೆ ಮಸಿಯಿಂದ ತುಂಬಿಹೋಯಿತು. ತಪ್ಪು ಕೈಯದಲ್ಲ, ಅಳತೆಯದು.

ಎಡ್ವರ್ಡ್ ಜಾನ್‌ಸ್ಟನ್ನರು ಕಲಿಸಿದ ಮೂಲಬರಹದಲ್ಲಿ ಸಣ್ಣ ಅಕ್ಷರದ ಎತ್ತರವು ಮೊನೆಯ ಅಗಲದ ನಾಲ್ಕರಷ್ಟು. ಮೊನೆಯ ಅಂಚನ್ನು ನೆಟ್ಟಗೆ ನಿಲ್ಲಿಸಿ, ಅಡ್ಡಕ್ಕೆ ತುಸು ಎಳೆದು, ನಾಲ್ಕು ಚೌಕಗಳನ್ನು ಮೆಟ್ಟಿಲಿನಂತೆ ಏರಿಸಿರಿ. ಬುಡಕ್ಕೂ ತುದಿಗೂ ಪೆನ್ಸಿಲಿನಿಂದ ತೆಳುಗೆರೆ ಎಳೆಯಿರಿ. ನನ್ನ ಮೊನೆಗೆ ಅದು 8 ಮಿಲಿಮೀಟರ್.

ಬರೆಯುವಾಗ ಅಂಚು ಗೆರೆಗೆ 30 ಡಿಗ್ರಿ ಓರೆಯಾಗಿರಬೇಕು. ಪರೀಕ್ಷೆಗೆ ಒಂದು ಕೂಡುವ ಚಿಹ್ನೆ ಬರೆಯಿರಿ: ಅಡ್ಡಗೆರೆಯ ದಪ್ಪವು ನಿಲುಗೆರೆಯ ಅರ್ಧಕ್ಕಿಂತ ತುಸು ಹೆಚ್ಚಿದ್ದರೆ ಸರಿ, ಎರಡೂ ಸಮವಾದರೆ ಕೋನವು 45ಕ್ಕೆ ಏರಿದೆಯೆಂದು ತಿಳಿಯಬೇಕು.

ಎರಡನೆಯ ಹಾಳೆಯಲ್ಲಿ ‘ಇ’ಯ ಹೊಟ್ಟೆ ತೆರೆದೇ ಉಳಿಯಿತು.