ಹನ್ನೆರಡು ಕ್ರಿಯಾಪದ, ಏಳು ಸಂಜೆ

ಜಪಾನಿ ತರಗತಿಗಳಲ್ಲಿ ಸಾಮಾನ್ಯವಾಗಿ ಮೊದಲು ಕಲಿಸುವುದು 'ಮಸು' ಎಂದು ಮುಗಿಯುವ ವಿನಯದ ರೂಪ. ಆಪ್ತರ ಮಾತಿನಲ್ಲಿ ಬಳಸುವ ಸರಳ ರೂಪಗಳು ಆಮೇಲೆ ಬರುತ್ತವೆ. ಆಫೀಸು ಮುಗಿಸಿ ಪುಸ್ತಕ ಹಿಡಿಯುವವರು ತಡವರಿಸುವುದು ಇಲ್ಲೇ. ದಿನಕ್ಕೆ 20 ನಿಮಿಷ, ವಾರಕ್ಕೆ 12 ಕ್ರಿಯಾಪದ ಇಟ್ಟುಕೊಂಡರೆ ಈ ತೊಡಕು ಬಿಡಿಸಬಹುದು.

ಸೋಮವಾರ ಗುಂಪು ವಿಂಗಡಿಸಿ. ಮೊದಲ ಗುಂಪಿಗೆ ಕಕು (ಬರೆ), ನೊಮು (ಕುಡಿ), ಮತ್ಸು (ಕಾಯು), ಹನಸು (ಮಾತಾಡು), ಒಯೊಗು (ಈಜು), ಇಕು (ಹೋಗು), ಕಿರು (ಕತ್ತರಿಸು). ಎರಡನೆಯದಕ್ಕೆ ತಬೆರು (ತಿನ್ನು), ಮಿರು (ನೋಡು), ಇನ್ನೊಂದು ಕಿರು (ಉಡು). ಮೂರನೆಯದರಲ್ಲಿ ಸುರು (ಮಾಡು), ಕುರು (ಬರು) ಎರಡೇ.

ಮಂಗಳವಾರ ನಿಷೇಧ ರೂಪ. ಮೊದಲ ಗುಂಪಿನಲ್ಲಿ ಕೊನೆಯ 'ಉ' ಹೋಗಿ 'ಅ' ಬಂದು 'ನೈ' ಸೇರುತ್ತದೆ: ಕಕನೈ, ನೊಮನೈ. ಮತ್ಸು ಮಾತ್ರ ಮತನೈ. ಎರಡನೆಯದರಲ್ಲಿ 'ರು' ಬಿಟ್ಟು 'ನೈ' ಹಚ್ಚಿದರಾಯಿತು: ತಬೆನೈ. ಮೂರನೆಯದು ಬಾಯಿಪಾಠ: ಶಿನೈ, ಕೊನೈ.

ಭೂತಕಾಲಕ್ಕೆ ಬುಧವಾರ, ಗುರುವಾರ ಎರಡೂ ಬೇಕು. ಎರಡನೇ ಗುಂಪು ಸುಲಭ: ತಬೆತ, ಮಿತ. ಸುರು ಶಿತ ಆಗುತ್ತದೆ, ಕುರು ಕಿತ ಆಗುತ್ತದೆ. ಮೊದಲ ಗುಂಪಿನಲ್ಲಿ ಕೊನೆಯ ಅಕ್ಷರ ನೋಡಿ ರೂಪ ಬದಲಾಗುತ್ತದೆ: ಕೈತ, ನೊಂದ, ಮತ್ತ, ಹನಶಿತ, ಒಯೊಇದ. 'ಕು' ಇದ್ದರೂ ಇಕು ಇತ್ತ ಆಗುತ್ತದೆ; ಇದು ಅಪವಾದ. ಕನ್ನಡಿಗರಿಗೆ ಇದು ಹೊಸತಲ್ಲ. ನೋಡು ನೋಡಿದ ಆದರೆ ಕೊಡು ಕೊಟ್ಟ, ಬರು ಬಂದ ಆಗುವುದಿಲ್ಲವೇ?

ಶುಕ್ರವಾರ ಭೂತಕಾಲದ ನಿಷೇಧ. 'ನೈ' ಇದ್ದಲ್ಲಿ 'ನಕತ್ತ' ಹಾಕಿದರೆ ಮುಗಿಯಿತು: ಕಕನಕತ್ತ, ತಬೆನಕತ್ತ.

ಶನಿವಾರ ಪರೀಕ್ಷೆ. ಚೀಟಿಯ ಒಂದು ಬದಿಗೆ 'ಕತ್ತರಿಸಲಿಲ್ಲ' ಎಂಬಂತೆ ಕನ್ನಡ ಬರೆದು, ಚೀಟಿಗಳನ್ನು ಕಲಸಿ, ಜಪಾನಿ ರೂಪವನ್ನು ಬಾಯಿಬಿಟ್ಟು ಹೇಳಿ. 12 ಪದಕ್ಕೆ ನಾಲ್ಕು ರೂಪದಂತೆ 48 ಚೀಟಿ.

ಇಲ್ಲಿ ಎರಡು 'ಕಿರು'ಗಳನ್ನು ಗಮನಿಸಿ. ಕತ್ತರಿಸುವುದು ಕಿರನೈ, ಕಿತ್ತ. ಉಡುವುದು ಕಿನೈ, ಕಿತ. ಒಂದು ಒತ್ತಕ್ಷರ ತಪ್ಪಿದರೆ ಉಟ್ಟದ್ದು ಕತ್ತರಿಸಿದ್ದಾಗುತ್ತದೆ. ಅನುಮಾನ ಬಂದರೆ ಮೊದಲು ಕಲಿತ 'ಮಸು' ರೂಪ ನೆನೆಯಿರಿ. ಕಿರಿಮಸು ಎಂದಲ್ಲಿ 'ರ'ಕಾರ ಉಳಿದಿದೆ, ಅದು ಮೊದಲ ಗುಂಪು. ಕಿಮಸು ಎಂದಲ್ಲಿ ಅದು ಬಿದ್ದುಹೋಗಿದೆ, ಎರಡನೆಯದು. ಹಶಿರು (ಓಡು), ಶಿರು (ತಿಳಿ) ಇವೂ ಎರಡನೇ ಗುಂಪಿನಂತೆ ಕಾಣುವ ಮೊದಲ ಗುಂಪಿನವು. ಹಶಿರಿಮಸು ಎಂದರೆ ಗುಟ್ಟು ಬಯಲು.

ಭಾನುವಾರ ತಪ್ಪಿದ ಚೀಟಿಗಳಷ್ಟೇ. ತಪ್ಪು ಗುಂಪಿನದೋ ರೂಪದ್ದೋ ನೋಡಿ. ತಬೆನೈ ಬದಲು ತಬೆರನೈ ಎಂದಿದ್ದರೆ ಗುಂಪು ತಪ್ಪಿದೆ, ಸೋಮವಾರದ ಪಾಠಕ್ಕೆ ಮರಳಿ. ನೊಂದ ಬದಲು ನೊಮಿತ ಎಂದಿದ್ದರೆ ಬುಧವಾರದ ಪಾಠ ಸಾಕು. ಎಡವಿದ ಪದಗಳನ್ನು ಮುಂದಿನ ವಾರದ ಹನ್ನೆರಡರಲ್ಲೂ ಉಳಿಸಿಕೊಳ್ಳಿ. ಸರಿಯಾದವುಗಳ ಜಾಗಕ್ಕೆ ಮಾತ್ರ ಹೊಸಬು ಬರಲಿ.