ಬೇಸಿಕ್ ಎಂಟು ಸಾವಿರ, ಉಳಿದದ್ದೆಲ್ಲ ‘ಭತ್ಯೆ’!

ಪೀಣ್ಯದ ಕಾರ್ಖಾನೆಯೊಂದರ ಸಂಬಳ ಚೀಟಿ ಹೀಗಿದೆ ಎಂದುಕೊಳ್ಳಿ: ಬೇಸಿಕ್ 8,000, ಮನೆ ಬಾಡಿಗೆ ಭತ್ಯೆ 6,000, ವಿಶೇಷ ಭತ್ಯೆ 6,000. ಒಟ್ಟು 20,000 ರೂಪಾಯಿ. ಕೈಗೆ ಬರುವ ಹಣ ಸರಿಯಾಗಿಯೇ ಇರುವುದರಿಂದ ಈ ಮೂರು ಸಾಲುಗಳನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಆದರೆ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯ ಲೆಕ್ಕ ಹಿಡಿಯುವುದು ಒಟ್ಟು ಸಂಬಳದ ಮೇಲಲ್ಲ, ಅದರಲ್ಲಿ ‘ವೇತನ’ ಎನಿಸಿಕೊಳ್ಳುವ ಭಾಗದ ಮೇಲೆ ಮಾತ್ರ.

ಪಿಎಫ್‌ಗೆ ನೌಕರನಿಂದ ಶೇ. 12, ಮಾಲೀಕನಿಂದ ಅಷ್ಟೇ. ಎಂಟು ಸಾವಿರಕ್ಕೆ ಹಿಡಿದರೆ ತಲಾ 960 ರೂಪಾಯಿ. ವಿಶೇಷ ಭತ್ಯೆಯನ್ನೂ ಸೇರಿಸಿ ಹದಿನಾಲ್ಕು ಸಾವಿರಕ್ಕೆ ಹಿಡಿದರೆ ತಲಾ 1,680. ಅಂದರೆ ಆ ಒಂದು ಸಾಲಿಗೆ ‘ಭತ್ಯೆ’ ಎಂದು ಹೆಸರಿಟ್ಟದ್ದರಿಂದ ಮಾಲೀಕನಿಗೆ ತಿಂಗಳಿಗೆ 720 ರೂಪಾಯಿ ಉಳಿತಾಯ. ಹತ್ತು ವರ್ಷಕ್ಕೆ, ಬಡ್ಡಿ ಬಿಟ್ಟು, 86,400.

ಹೆಸರು ಬದಲಿಸಿದರೆ ಸಾಕೇ? ಸಾಲದು ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿ 28ರಂದು ಹೇಳಿತು. ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ ಎಂಬ ಅನುದಾನರಹಿತ ಶಾಲೆ ಸಿಬ್ಬಂದಿಗೆ ವಿಶೇಷ ಭತ್ಯೆ ಕೊಡುತ್ತಿತ್ತು, ಅದರ ಮೇಲೆ ಪಿಎಫ್ ಕಟ್ಟುತ್ತಿರಲಿಲ್ಲ. ಇನ್ನೂ ಕೆಲವು ಕಂಪನಿಗಳ ಇಂಥದೇ ತಕರಾರುಗಳನ್ನು ಜೊತೆಗೆ ಸೇರಿಸಿ ವಿಚಾರಣೆ ನಡೆಯಿತು. ನ್ಯಾಯಾಲಯ ಕೇಳಿದ್ದು ಇಷ್ಟೇ: ಈ ಭತ್ಯೆ ಒಂದು ವರ್ಗದ ಎಲ್ಲರಿಗೂ ಮಾಮೂಲಾಗಿ ಸಿಗುತ್ತದೆಯೋ, ಅಥವಾ ಹೆಚ್ಚು ದುಡಿದವರಿಗೆ ಮಾತ್ರವೋ? ಎಲ್ಲರಿಗೂ ಸಿಗುವುದಾದರೆ ಅದು ಮೂಲ ವೇತನವೇ. ಹೆಚ್ಚಿನ ಉತ್ಪಾದನೆಗೆ ಕೊಟ್ಟದ್ದು, ಅವಕಾಶ ಬಳಸಿಕೊಂಡವರಿಗಷ್ಟೇ ದಕ್ಕುವಂಥದ್ದು ಹೊರಗೆ. ಹಾಗೆ ಹೊರಗಿಡಬೇಕಾದ ಭತ್ಯೆಯೇ ಇದು ಎಂದು ತೋರಿಸುವ ದಾಖಲೆಯನ್ನು ಆ ಸಂಸ್ಥೆಗಳು ಹಾಜರುಪಡಿಸಿರಲಿಲ್ಲ.

ಆದ್ದರಿಂದ ನಿಮ್ಮ ಅನುಮಾನವನ್ನು ಪರೀಕ್ಷಿಸುವುದು ಕಷ್ಟವಲ್ಲ. ನಿಮ್ಮ ಕೆಲವು ತಿಂಗಳ ಚೀಟಿಗಳನ್ನೂ ಅದೇ ದರ್ಜೆಯ ಇಬ್ಬರು ಮೂವರು ಸಹೋದ್ಯೋಗಿಗಳ ಚೀಟಿಗಳನ್ನೂ ಪಕ್ಕಪಕ್ಕ ಇಡಿ. ಕೆಲಸ ಹೆಚ್ಚಿರಲಿ ಕಡಿಮೆ ಇರಲಿ, ವಿಶೇಷ ಭತ್ಯೆ ಎಲ್ಲರಿಗೂ ಒಂದೇ ರೀತಿ ಬಂದಿದ್ದರೆ ಪ್ರಶ್ನಿಸಲು ಆಧಾರ ಸಿಕ್ಕಿತು. ತಿಂಗಳಿಂದ ತಿಂಗಳಿಗೆ ಏರಿಳಿಯುವ ಓವರ್‌ಟೈಮ್, ಕಮಿಷನ್ ಇವುಗಳ ಮೇಲೆ ಹಕ್ಕು ಸಾಧಿಸಲಾಗದು. ನಿಜವಾದ ಮನೆ ಬಾಡಿಗೆ ಭತ್ಯೆಯನ್ನು ಕಾನೂನೇ ಹೆಸರಿಸಿ ಹೊರಗಿಟ್ಟಿದೆ. ಇನ್ನೊಂದು ಮಿತಿಯೂ ಇದೆ. ಕಡ್ಡಾಯ ಪಿಎಫ್ ತಿಂಗಳಿಗೆ 15,000 ರೂಪಾಯಿ ವೇತನಕ್ಕೆ ನಿಲ್ಲುತ್ತದೆ. ನಿಮ್ಮ ಬೇಸಿಕ್ಕೇ ಅದನ್ನು ದಾಟಿದ್ದು, ಮಾಲೀಕ ಅಷ್ಟಕ್ಕೆ ಕಟ್ಟುತ್ತಿದ್ದರೆ ಭತ್ಯೆಯ ವಾದದಿಂದ ಏನೂ ಹುಟ್ಟದು.

ಗೆದ್ದರೆ ಮುಂದಿನ ತಿಂಗಳಿಂದ ನಿಮ್ಮ ಕೈಗೆ ಬರುವ ಹಣದಲ್ಲೂ 720 ರೂಪಾಯಿ ಕಡಿತವಾಗುತ್ತದೆ. ಇದನ್ನು ಹೇಳದೆ ಸಹಿ ಹಾಕಿಸಿಕೊಳ್ಳುವ ಮುಖಂಡರು ಆಮೇಲೆ ಬೈಸಿಕೊಳ್ಳುತ್ತಾರೆ. ಹಳೆಯ ಬಾಕಿಯ ಮಾತು ಬೇರೆ. ಆಗ ಹಿಡಿಯದೆ ಬಿಟ್ಟ ನೌಕರನ ಪಾಲನ್ನು ಮಾಲೀಕ ಈಗಿನ ಸಂಬಳದಿಂದ ವಸೂಲು ಮಾಡುವಂತಿಲ್ಲ ಎನ್ನುವುದು ಪಿಎಫ್ ಯೋಜನೆಯ ನಿಯಮ. ಕೈತಪ್ಪಿನಿಂದಾದ ಲೋಪಕ್ಕೆ, ಅದೂ ಅಧಿಕಾರಿಯ ಒಪ್ಪಿಗೆಯಿದ್ದರೆ, ವಿನಾಯಿತಿ.

ಗ್ರಾಚ್ಯುಟಿಯ ದಾರಿ ಬೇರೆ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು ಸೂತ್ರ. 1972ರ ಕಾಯ್ದೆ ತುಟ್ಟಿಭತ್ಯೆಯೊಂದನ್ನು ಬಿಟ್ಟು ‘ಇತರ ಯಾವುದೇ ಭತ್ಯೆ’ಯನ್ನು ವೇತನದಿಂದ ಹೊರಗಿಟ್ಟಿತ್ತು. ಹಾಗಾಗಿ ಪಿಎಫ್‌ನಲ್ಲಿ ಗೆಲ್ಲುವ ವಾದ ಇಲ್ಲಿ ನಿಲ್ಲುವುದು ಕಷ್ಟವಿತ್ತು. ನಮ್ಮ ಉದಾಹರಣೆಯ ನೌಕರನಿಗೆ ಹತ್ತು ವರ್ಷದ ಸೇವೆಗೆ ಸಿಗುತ್ತಿದ್ದದ್ದು ಸುಮಾರು 46,154 ರೂಪಾಯಿ.

2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಹೊಸ ವ್ಯಾಖ್ಯೆ ಹೊರಗಿಡುವ ಬಾಬುಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್ ಮುಂತಾದವು. ಎಲ್ಲರಿಗೂ ಸಾರಾಸಗಟಾಗಿ ಕೊಡುವ ‘ವಿಶೇಷ ಭತ್ಯೆ’ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ವೇತನ 14,000 ಆಗುತ್ತದೆ, ಗ್ರಾಚ್ಯುಟಿ ಸುಮಾರು 80,769. ಸರಿ, ಹಾಗಾದರೆ ಮನೆ ಬಾಡಿಗೆಯನ್ನೇ 12,000ಕ್ಕೆ ಏರಿಸುತ್ತೇನೆ ಎಂದು ಮಾಲೀಕ ಹೊರಟರೆ? ಹೊರಗಿಟ್ಟ ಬಾಬುಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದಷ್ಟು ಹಣ ಮತ್ತೆ ವೇತನಕ್ಕೇ ಸೇರುತ್ತದೆ. ಇಪ್ಪತ್ತು ಸಾವಿರದವನ ವೇತನ ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯದು.

ಪಿಎಫ್ ಬಗೆಗಿನ ದೂರನ್ನು ಪ್ರಾದೇಶಿಕ ಭವಿಷ್ಯ ನಿಧಿ ಕಚೇರಿಗೆ, ಗ್ರಾಚ್ಯುಟಿಯದ್ದನ್ನು ಮೊದಲು ಮಾಲೀಕನಿಗೆ ಬರೆದು, ಒಪ್ಪದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಕೊಡಬೇಕು. ಎರಡೂ ಕಡೆ ಮೊದಲು ಕೇಳುವುದು ಸಂಬಳ ಚೀಟಿಯನ್ನೇ. ಕೆಲಸ ಬಿಟ್ಟ ದಿನ ಕಂಪನಿಯ ಲಾಗಿನ್ ಬಂದ್ ಆಗುತ್ತದೆ. ಚೀಟಿಗಳನ್ನು ಅದಕ್ಕೆ ಮೊದಲೇ ಇಳಿಸಿಕೊಂಡು ಇಟ್ಟುಕೊಳ್ಳಿ.